ಟೆಲಿಗ್ರಾಂ ಗುಂಪಿನ ಅಡ್ಮಿನ್ ಕೆಲಸ ಬಿಟ್ಟುಕೊಟ್ಟಿದ್ದು

ಹೊಸಬರನ್ನು ಅಡ್ಮಿನ್ ಮಾಡಿದರೆ ಮುಗೀತು ಅಂದುಕೊಂಡಿದ್ದೆ. ಆದರೆ ಗುಂಪಿನ ಮಾಲೀಕತ್ವ ನನ್ನ ಹೆಸರಲ್ಲೇ ಇತ್ತು. ಅವರ ಅನುಮತಿಗಳಲ್ಲಿ `Add New Admins` ಸೇರಿ ಎಲ್ಲವನ್ನೂ ಆನ್ ಮಾಡಿದ ಮೇಲಷ್ಟೇ `Transfer Group Ownership` ಕಾಣಿಸಿತು. ಒತ್ತಿದರೆ ಮತ್ತೆ ತಡೆ: ನನ್ನ ಖಾತೆಗೆ ಎರಡು ಹಂತದ ಪಾಸ್‌ವರ್ಡ್ ಹಾಕಿ 7 ದಿನ ಆಗಿರಬೇಕಂತೆ. ನಾನು ಹಾಕಿದ್ದೇ ಅವತ್ತು!

ಆ ವಾರ ದಂಡವಾಗಲಿಲ್ಲ. ಜಾಹೀರಾತಿಗೆ ವಾರಕ್ಕೊಂದೇ ದಿನ ಎಂಬ ನಿಯಮ ಚರ್ಚೆಯಲ್ಲೇ ನಿಂತಿತ್ತು. ನಾನು ಅವಸರದಲ್ಲಿ ಜಾರಿ ಮಾಡಿದರೆ ಬೈಗುಳ ಹೊಸ ಅಡ್ಮಿನ್‌ಗೆ ಅಲ್ವಾ? ಯಾರು ಏನೆಂದರು ಅಂತ ಬರೆದುಕೊಟ್ಟು, ತೀರ್ಮಾನ ಅವರಿಗೇ ಬಿಟ್ಟೆ.

ಪ್ರಕಟಣೆಯಲ್ಲಿ ಮೊದಲು "ಇಬ್ಬರೂ ನೋಡಿಕೊಳ್ಳುತ್ತೇವೆ" ಎಂದು ಬರೆದಿದ್ದೆ. ಹಾಗಂದರೆ ದೂರುಗಳೆಲ್ಲ ನನಗೇ ಬರುತ್ತವೆ. ಅಳಿಸಿ, "ಸೋಮವಾರದಿಂದ ದೂರುಗಳನ್ನು ಹೊಸ ಅಡ್ಮಿನ್‌ಗೇ ಕಳಿಸಿ. ಹಳೆಯ ನಿಯಮಗಳು ಹಾಗೇ ಇವೆ. ಜಾಹೀರಾತಿನ ನಿಯಮ ಇನ್ನೂ ತೀರ್ಮಾನವಾಗಿಲ್ಲ" ಎಂದಷ್ಟೇ ಹಾಕಿದೆ.