ಕೆಲಸ ಬಿಡುವ ಮುನ್ನ ಆಪಿನ ಹಸ್ತಾಂತರ ದಾಖಲೆ ಬರೆಯುವುದು ಹೇಗೆ?

ಒಂದು ಚಿಕ್ಕ ಆಪನ್ನು ಒಬ್ಬರೇ ಕೆಲವು ವರ್ಷ ನೋಡಿಕೊಂಡು ಬಂದಿದ್ದರೆ, ಅದರ ಅರ್ಧ ವಿವರ ಕೋಡಿನಲ್ಲಿದ್ದರೆ ಉಳಿದರ್ಧ ಅವರ ತಲೆಯಲ್ಲಿರುತ್ತದೆ. ಕೆಲಸ ಬಿಡುವ ವಾರದಲ್ಲಿ ದಾಖಲೆ ಬರೆಯಲು ಕುಳಿತವರು ಸಾಮಾನ್ಯವಾಗಿ ಕೋಡಿನ ರಚನೆಯನ್ನೇ ಪುಟಗಟ್ಟಲೆ ವಿವರಿಸುತ್ತಾರೆ. ಆದರೆ ಕೋಡನ್ನು ಹೊಸಬರು ತಾವೇ ಓದಿಕೊಳ್ಳಬಲ್ಲರು. ಕೋಡಿನ ಹೊರಗಿರುವುದನ್ನು ಊಹಿಸಲಾರರು. ಆದ್ದರಿಂದ ಆ ಹೊರಗಿನ ಸಂಗತಿಗಳಿಂದಲೇ ಬರೆಯಲು ತೊಡಗುವುದು ಒಳ್ಳೆಯದು.

ಉದಾಹರಣೆಗೆ ಒಂದು ಗ್ರಂಥಾಲಯದ ಆಪನ್ನು ತೆಗೆದುಕೊಳ್ಳೋಣ. ಸದಸ್ಯರು ಪುಸ್ತಕ ಒಯ್ದದ್ದು, ಮರಳಿಸಿದ್ದು ಅದರಲ್ಲಿ ದಾಖಲಾಗುತ್ತದೆ. ಗಡುವು ಸಮೀಪಿಸಿದಾಗ ಸದಸ್ಯರಿಗೆ ಎಸ್ಎಂಎಸ್ ಹೋಗುತ್ತದೆ. ಇರುವುದು ಒಂದೇ ಲಿನಕ್ಸ್ ಸರ್ವರ್. ಅದರಲ್ಲಿ ಜಾಂಗೊದಲ್ಲಿ ಬರೆದ ಪ್ರೋಗ್ರಾಂ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಇವೆ. ಸದಸ್ಯರ ಬಳಕೆಗೆ ಒಂದು ಆಂಡ್ರಾಯ್ಡ್ ಆಪ್ ಇದೆ.

ಮೊದಲ ಹಂತದಲ್ಲಿ ಯಾವುದು ಯಾರ ಹೆಸರಿನಲ್ಲಿದೆ ಎಂಬುದನ್ನು ಬರೆಯಬೇಕು. ಡೊಮೈನ್, ಸರ್ವರ್, ಎಸ್ಎಂಎಸ್ ಸೇವೆ, ಪ್ಲೇ ಸ್ಟೋರ್ ಖಾತೆ, ಈ ನಾಲ್ಕಕ್ಕೂ ನೋಂದಾಯಿತ ಇಮೇಲ್ ಯಾವುದು, ಒಟಿಪಿ ಬರುವ ಫೋನ್ ಯಾರದು, ಹಣ ಪಾವತಿ ಎಲ್ಲಿಂದ ಆಗುತ್ತದೆ, ಮುಂದಿನ ನವೀಕರಣ ಯಾವ ದಿನ ಎಂದು ನಮೂದಿಸಿ. ಬರೆಯುತ್ತ ಹೋದಂತೆ ಕೆಲವು ಖಾತೆಗಳು ನಿಮ್ಮ ಖಾಸಗಿ ಇಮೇಲಿಗೇ ಅಂಟಿಕೊಂಡಿರುವುದು ತಿಳಿದುಬರಬಹುದು. ಅವನ್ನು ನೀವು ಇರುವಾಗಲೇ ಸಂಸ್ಥೆಯ ಇಮೇಲಿಗೆ ಬದಲಾಯಿಸಿ. ಹೋದ ಮೇಲೆ ಬದಲಾಯಿಸಬೇಕೆಂದರೆ ಪ್ರತಿ ಬಾರಿಯೂ ನಿಮ್ಮ ಫೋನಿಗೆ ಬಂದ ಒಟಿಪಿಯನ್ನು ಕೇಳಬೇಕಾಗುತ್ತದೆ. ಆಂಡ್ರಾಯ್ಡ್ ಆಪಿಗೆ ಸಹಿ ಹಾಕುವ ಕೀಲಿಯ ವಿಷಯದಲ್ಲಂತೂ ಹೆಚ್ಚಿನ ಎಚ್ಚರ ಬೇಕು. ಆಪಿನ ಮೂಲ ಸಹಿಯ ಕೀಲಿ ಗೂಗಲ್ ಬಳಿ ಇದ್ದು, ನಿಮ್ಮಲ್ಲಿರುವುದು ಅಪ್‌ಲೋಡ್ ಕೀಲಿ ಮಾತ್ರವಾಗಿದ್ದರೆ, ಅದು ಕಳೆದರೂ ಖಾತೆಯ ಒಡೆಯರು ಹೊಸ ಕೀಲಿಗಾಗಿ ಕೋರಿಕೆ ಸಲ್ಲಿಸಬಹುದು. ಆದರೆ 2021ರ ಆಗಸ್ಟ್‌ಗಿಂತ ಹಿಂದಿನ ಕೆಲವು ಆಪುಗಳಲ್ಲಿ ಮೂಲ ಕೀಲಿಯೇ ಡೆವಲಪರ್ ಕೈಯಲ್ಲಿ ಉಳಿದಿರುತ್ತದೆ. ಅದು ಕಳೆದರೆ ಅದೇ ಆಪಿಗೆ ಹೊಸ ಆವೃತ್ತಿ ಕೊಡಲು ದಾರಿಯಿಲ್ಲ. ಬೇರೆ ಪ್ಯಾಕೇಜ್ ಹೆಸರಿನಲ್ಲಿ ಹೊಸ ಆಪನ್ನೇ ಪ್ರಕಟಿಸಬೇಕು.

ಪಾಸ್‌ವರ್ಡುಗಳನ್ನು ದಾಖಲೆಯಲ್ಲಿ ಬರೆಯಬೇಡಿ. `.env` ಕಡತದಲ್ಲಿರುವ ಪ್ರತಿ ಹೆಸರು ಏತಕ್ಕೆ ಬಳಕೆಯಾಗುತ್ತದೆ, ಅದರ ಮೌಲ್ಯ ಎಲ್ಲಿ ದೊರೆಯುತ್ತದೆ, ಬದಲಾಯಿಸಿದರೆ ಯಾವುದನ್ನು ಮರುಚಾಲನೆ ಮಾಡಬೇಕು ಎಂಬಷ್ಟು ಸಾಕು.

ಎರಡನೆಯ ಹಂತ, ಯಾರೂ ಒತ್ತದೆ ತಾನಾಗಿ ನಡೆಯುವ ಕೆಲಸಗಳನ್ನು ಪಟ್ಟಿ ಮಾಡುವುದು. ನೆನಪನ್ನು ನಂಬಬೇಡಿ, ಸರ್ವರನ್ನೇ ಕೇಳಿ:

```
crontab -l
sudo crontab -l
ls /etc/cron.d
systemctl list-timers --all
```

ಇಲ್ಲಿ ಜನ ಎಡವುವುದು ಮೊದಲ ಸಾಲಿನಲ್ಲೇ. ಅದು ಈಗ ಲಾಗಿನ್ ಆಗಿರುವ ಬಳಕೆದಾರರ ಕೆಲಸಗಳನ್ನು ಮಾತ್ರ ತೋರಿಸುತ್ತದೆ; ಬೇರೆ ಬಳಕೆದಾರರವನ್ನು ಪ್ರತ್ಯೇಕವಾಗಿ ನೋಡಬೇಕು. ನಮ್ಮ ಗ್ರಂಥಾಲಯದ ಆಪಿನಲ್ಲಿ ಎಸ್ಎಂಎಸ್ ಕಳಿಸುವ ಕೆಲಸವು ಡೆವಲಪರರ ಸ್ವಂತ ಬಳಕೆದಾರ ಹೆಸರಿನಲ್ಲಿ ನಡೆಯುತ್ತಿದೆ ಎಂದುಕೊಳ್ಳೋಣ. ಅವರು ಹೋದ ಮೇಲೆ ಯಾರೋ ಶಿಸ್ತಿನಿಂದ ಆ ಬಳಕೆದಾರರನ್ನು ಅಳಿಸಿದರೆ ಸಂದೇಶಗಳು ಸದ್ದಿಲ್ಲದೆ ನಿಲ್ಲುತ್ತವೆ, ಪರದೆಯ ಮೇಲೆ ಯಾವ ದೋಷವೂ ಕಾಣುವುದಿಲ್ಲ. ಆದ್ದರಿಂದ ಇಂಥ ಕೆಲಸಗಳನ್ನು ಆಪಿಗೆಂದೇ ಇರುವ ಬಳಕೆದಾರ ಹೆಸರಿಗೆ ಮೊದಲೇ ವರ್ಗಾಯಿಸಿ, ಪ್ರತಿಯೊಂದರ ಮುಂದೆ ಅದು ನಡೆಯುವ ಸಮಯವನ್ನೂ ನಡೆಯದಿದ್ದರೆ ಅದನ್ನು ಪತ್ತೆಹಚ್ಚುವ ಬಗೆಯನ್ನೂ ಬರೆಯಿರಿ. ಸರ್ವರಿನ ಗಡಿಯಾರ ಯುಟಿಸಿಯಲ್ಲಿದ್ದರೆ `30 1 * * *` ಎಂಬ ಸಾಲಿನ ಒಂದೂವರೆ ಗಂಟೆ ಸದಸ್ಯರ ಗೋಡೆ ಗಡಿಯಾರದ ಒಂದೂವರೆಯಲ್ಲ ಎಂಬುದನ್ನೂ ಸೇರಿಸಿ.

ಮೂರನೆಯದು ಬ್ಯಾಕಪ್. ಹೆಚ್ಚಿನ ದಾಖಲೆಗಳಲ್ಲಿ "ಪ್ರತಿ ರಾತ್ರಿ ಬ್ಯಾಕಪ್ ಆಗುತ್ತದೆ" ಎಂಬ ಒಂದೇ ವಾಕ್ಯ ಇರುತ್ತದೆ, ಅದು ಸುಳ್ಳಾಗಿರುವ ಸಾಧ್ಯತೆಯೂ ಇರುತ್ತದೆ. ಈ ಸಾಲನ್ನು ನೋಡಿ:

```
pg_dump -Fc library > /backup/library.dump
```

ಇದರಲ್ಲಿ `>` ಗುರುತು ಕಂಡೊಡನೆ ಶೆಲ್ ಮೊದಲು ಆ ಕಡತವನ್ನು ಖಾಲಿ ಮಾಡುತ್ತದೆ, ಅನಂತರವೇ `pg_dump` ಓಡುತ್ತದೆ. ಡೇಟಾಬೇಸಿನ ಪಾಸ್‌ವರ್ಡ್ ಬದಲಾಗಿ `pg_dump` ವಿಫಲವಾದರೂ ಇವತ್ತಿನ ದಿನಾಂಕದ ಒಂದು ಕಡತ ಅಲ್ಲಿ ಇದ್ದೇ ಇರುತ್ತದೆ. ಅದರ ಗಾತ್ರ ಸೊನ್ನೆ, ಮೇಲಾಗಿ ನಿನ್ನೆಯ ಒಳ್ಳೆಯ ಪ್ರತಿಯೂ ಅದರಡಿ ಅಳಿದಿರುತ್ತದೆ. ಹೊಸ ಹೆಸರಿನಲ್ಲಿ ಬರೆದು, ಯಶಸ್ವಿಯಾದರೆ ಮಾತ್ರ ಹಳೆಯದರ ಜಾಗಕ್ಕೆ ತರುವಂತೆ ಆ ಸಾಲನ್ನು ತಿದ್ದಿ. ಆಮೇಲೆ ದಾಖಲೆಯಲ್ಲಿ ಬ್ಯಾಕಪ್ ಮಾಡುವ ವಿಧಾನಕ್ಕಿಂತ ಅದನ್ನು ಮರಳಿ ತುಂಬಿಸುವ ವಿಧಾನವನ್ನು ಬರೆಯಿರಿ, ಬರೆಯುವ ಮುನ್ನ ನೀವೇ ಒಮ್ಮೆ ಮಾಡಿ ನೋಡಿ:

```
createdb trial
pg_restore --no-owner -d trial /backup/library.dump
psql -d trial -c "select max(issued_on) from loans;"
```

ಕೊನೆಯ ಸಾಲು ಕೊಡುವ ದಿನಾಂಕ ನಿನ್ನೆಯದೋ ಇವತ್ತಿನದೋ ಆಗಿದ್ದರೆ ಬ್ಯಾಕಪ್ ಜೀವಂತವಾಗಿದೆ. ಎಂಟು ತಿಂಗಳ ಹಿಂದಿನದಾಗಿದ್ದರೆ ಹೊಸಬರಿಗಿಂತ ಮೊದಲು ನಿಮಗೆ ತಿಳಿದದ್ದು ಒಳ್ಳೆಯದಾಯಿತು. ಬ್ಯಾಕಪ್ ಕಡತವು ಅದೇ ಸರ್ವರಿನ ಡಿಸ್ಕಿನಲ್ಲಿ ಮಾತ್ರ ಇದ್ದರೆ, ಡಿಸ್ಕ್ ಕೆಟ್ಟ ದಿನ ಎರಡೂ ಒಟ್ಟಿಗೆ ಹೋಗುತ್ತವೆ ಎಂಬುದನ್ನು ಮುಚ್ಚಿಡದೆ ಬರೆಯಿರಿ.

ನಾಲ್ಕನೆಯ ಹಂತದಲ್ಲಿ ಕೋಡಿಗೆ ಬರೋಣ, ಆದರೆ ವಿಚಿತ್ರವಾಗಿ ಕಾಣುವ ಕಡೆಗಳಿಗೆ ಮಾತ್ರ. ಎಸ್ಎಂಎಸ್ ಕಳಿಸುವ ಭಾಗದಲ್ಲಿ ಹೀಗೊಂದು ತುಣುಕು ಇದೆ ಎನ್ನಿ:

```
if member.id < 1000:
    continue
```

ಕಾರಣ ಗೊತ್ತಿಲ್ಲದವರಿಗೆ ಇದು ಯಾರೋ ಮರೆತುಬಿಟ್ಟ ಸಾಲಿನಂತೆ ತೋರುತ್ತದೆ. ಡೆವಲಪರ್ ಒಳ್ಳೆಯವರಾದಷ್ಟೂ ಬೇಗ ಅದನ್ನು ಅಳಿಸಿಬಿಡುತ್ತಾರೆ. ವಾಸ್ತವದಲ್ಲಿ ಆ ಸಂಖ್ಯೆಯವರೆಗಿನ ಸದಸ್ಯರ ವಿವರ ಹಳೆಯ ಕಾಗದದ ರಿಜಿಸ್ಟರಿನಿಂದ ಬಂದದ್ದು. ಅದರಲ್ಲಿ ಫೋನ್ ಸಂಖ್ಯೆ ಇರದ ಕಾರಣ ಎಲ್ಲರಿಗೂ ಒಂದೇ ಸುಳ್ಳು ಸಂಖ್ಯೆ ತುಂಬಲಾಗಿತ್ತು. ಸಾಲು ಅಳಿಸಿದ ರಾತ್ರಿ, ಆ ಸಂಖ್ಯೆ ಯಾರದಾದರೂ ಆಗಿದ್ದರೆ, ಸಂಬಂಧವೇ ಇಲ್ಲದ ಒಬ್ಬರಿಗೆ ನೂರಾರು ಸಂದೇಶಗಳು ಹೋಗುತ್ತವೆ. ದಾಖಲೆಯಲ್ಲಿ ಕಡತದ ಹೆಸರು, ಕಾರಣ, ಯಾವಾಗ ಇದನ್ನು ನಿಶ್ಚಿಂತೆಯಿಂದ ತೆಗೆಯಬಹುದು ಎಂಬ ಮೂರು ಮಾತು ಇದ್ದರೆ ಸಾಕು. ಇದೇ ಕಾರಣವನ್ನು ಆ ಸಾಲಿನ ಮೇಲೆ ಟಿಪ್ಪಣಿಯಾಗಿಯೂ ಬರೆಯಿರಿ, ಏಕೆಂದರೆ ಕೋಡು ತಿದ್ದುವಾಗ ದಾಖಲೆಯನ್ನು ತೆರೆದಿಟ್ಟುಕೊಳ್ಳುವವರು ಕಡಿಮೆ.

ಇಷ್ಟು ಬರೆದ ಮೇಲೆ ದಾಖಲೆಯನ್ನು ಪರೀಕ್ಷಿಸಬೇಕು. ಹೊಸಬರಿಗೆ ಏನೂ ಅಳವಡಿಸದ ಒಂದು ಕಂಪ್ಯೂಟರನ್ನೂ ಈ ದಾಖಲೆಯನ್ನೂ ಕೊಟ್ಟು, ಆಪನ್ನು ಓಡಿಸಿ, ಒಂದು ಪದವನ್ನು ಬದಲಿಸಿ, ಬಿಡುಗಡೆ ಮಾಡಲು ಹೇಳಿ. ನೀವು ಪಕ್ಕದಲ್ಲಿ ಕುಳಿತಿರಿ, ಆದರೆ ಬಾಯಿ ಬಿಡಬೇಡಿ. ಇದು ಹೇಳಿದಷ್ಟು ಸುಲಭವಲ್ಲ. ಅವರು ಪ್ರಶ್ನೆ ಕೇಳಿದಾಗ ಉತ್ತರವನ್ನು ದಾಖಲೆಯೊಳಗೇ ಬರೆದು, ಅಲ್ಲಿಂದ ಓದಿಕೊಳ್ಳಲು ಹೇಳಿ. ನಿಮ್ಮ ಕಂಪ್ಯೂಟರಿನಲ್ಲಿ ಎಂದೋ ಅಳವಡಿಸಿ ಮರೆತ ಒಂದು ಪ್ಯಾಕೇಜ್, ನಿಮ್ಮ ಶೆಲ್ಲಿನಲ್ಲಿ ಮಾತ್ರ ಇರುವ ಒಂದು ಅಡ್ಡಹೆಸರಿನ ಆದೇಶ, ಇವೆಲ್ಲ ಹೊರಬೀಳುವುದು ಈ ಪರೀಕ್ಷೆಯಲ್ಲೇ.

ಹೊಸಬರ ಕೈಯಿಂದ ಒಂದು ಬಿಡುಗಡೆ ಪೂರ್ತಿಯಾದ ಬಳಿಕ, ಸರ್ವರಿನ `authorized_keys` ಕಡತದಿಂದ ನಿಮ್ಮ ಕೀಲಿಯನ್ನು ಅವರೇ ತೆಗೆಯಲಿ. ನಿಮಗೆ ಗೊತ್ತಿದ್ದ ಪಾಸ್‌ವರ್ಡುಗಳನ್ನೆಲ್ಲ ಬದಲಾಯಿಸಲಿ. ಇದನ್ನು ಕೆಲಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳದೆ ಒಂದು ವಾರ ಮುಂಚೆಯೇ ಮಾಡಿದರೆ, ನಿಮ್ಮ ಕೀಲಿಗೋ ಆ ಪಾಸ್‌ವರ್ಡುಗಳಿಗೋ ಕಟ್ಟುಬಿದ್ದಿದ್ದ ಯಾವುದಾದರೂ ಕೆಲಸ ಇನ್ನೂ ಉಳಿದಿದ್ದರೆ ಅದು ನೀವು ಕಚೇರಿಯಲ್ಲಿರುವಾಗಲೇ ನಿಂತು ತನ್ನನ್ನು ತೋರಿಸಿಕೊಳ್ಳುತ್ತದೆ.