ವಾಸ್ಕೋದ ಗುಡ್ಡದ ಮನೆ, ಇಪ್ಪತ್ನಾಲ್ಕು ಅಡಿ ಕಿಟಕಿ ಮತ್ತೆ ನನ್ನ ಪಾಠ

ನಾನು ಧಾರವಾಡದವನು, ಗೋವಾದಲ್ಲಿ ಮನೆಗಳ ಡಿಸೈನ್ ಮಾಡ್ತೀನಿ. ಕಾಲೇಜಲ್ಲಿ ಆರ್ಕಿಟೆಕ್ಟ್ ಲೆ ಕಾರ್ಬ್ಯುಸಿಯೇ ಹೇಳಿದ್ದನ್ನೆಲ್ಲ ಬಾಯಿಪಾಠ ಮಾಡಿದ್ವಿ, ಮನೆ ಕಂಬದ ಮೇಲೆ ನಿಲ್ಲಲಿ, ಒಳಗಿನ ಗೋಡೆ ಎಲ್ಲಿ ಬೇಕೋ ಅಲ್ಲಿ ಬರಲಿ, ಕಿಟಕಿ ಗೋಡೆಯುದ್ದಕ್ಕೂ ಪಟ್ಟಿ ತರ ಓಡಲಿ ಅಂತ. ವಾಸ್ಕೋದಲ್ಲಿ ಹುಬ್ಬಳ್ಳಿ ಕಡೆಯ ರಿಟೈರ್ಡ್ ಸಾಹೇಬ್ರೊಬ್ಬರು ಸಮುದ್ರ ಕಾಣೋ ಇಳಿಜಾರು ಸೈಟ್ ತೋರಿಸಿದಾಗ ಮೂರನ್ನೂ ಒಟ್ಟಿಗೆ ಹಾಕ್ಬಿಟ್ಟೆ.

ಕಂಬ ಚೆನ್ನಾಗೇ ಕೆಲಸ ಮಾಡ್ತು. ಮಳೆ ನೀರು ಮನೆ ಕೆಳಗೆ ಹರಿದು ಹೋಗುತ್ತೆ, ನೆಲಕ್ಕೆ ತೇವ ಹತ್ತಲ್ಲ, ಜುಲೈನಲ್ಲಿ ಬಟ್ಟೆ ಒಣಗಿಸೋಕೂ ಅಲ್ಲೇ ಜಾಗ.

ಎಡವಿದ್ದು ಕಿಟಕಿಯಲ್ಲಿ. ಹಾಲ್‌ಗೆ ಪಶ್ಚಿಮಕ್ಕೆ 24 ಅಡಿ ಉದ್ದ, 4 ಅಡಿ ಎತ್ತರದ ಅಲ್ಯೂಮಿನಿಯಂ ಸ್ಲೈಡಿಂಗ್, ಮೇಲೆ 2 ಅಡಿ ಸಜ್ಜಾ. ಮೇ ತಿಂಗಳಲ್ಲಿ ಐದು ಗಂಟೆ ದಾಟಿದ ಮೇಲೆ ಸೂರ್ಯ ದಿಗಂತದಿಂದ ಸುಮಾರು 25 ಡಿಗ್ರಿ ಎತ್ತರದಲ್ಲಿರ್ತಾನೆ, ಆಗ ಆ ಸಜ್ಜಾ ಕೊಡೋ ನೆರಳು ಹನ್ನೊಂದು ಇಂಚು, ಉಳಿದ ಮೂರಡಿ ಗಾಜಿನ ಬಿಸಿಲು ಸೀದಾ ಸೋಫಾ ಮೇಲೆ. ಮಳೆಗಾಲದಲ್ಲಿ ಇನ್ನೊಂದು ಗೋಳು, ಸಮುದ್ರದ ಗಾಳಿಗೆ ಮಳೆ ಅಡ್ಡಡ್ಡ ಬರುತ್ತೆ, ಸ್ಲೈಡಿಂಗ್ ಟ್ರ್ಯಾಕಲ್ಲಿ ನೀರು ನಿಂತು, ಹೊರಗೆ ಹೋಗೋಕೆ ಬಿಟ್ಟ ತೂತಿನಿಂದ ಗಾಳಿನೇ ಅದನ್ನ ವಾಪಸ್ ಒಳಗೆ ತಳ್ಳುತ್ತೆ. ಕಿಟಕಿ ಕೆಳಗೆ ಬಣ್ಣ ಗುಳ್ಳೆ ಎದ್ದಿದ್ದು ನೋಡಿ ನಾನು ಮೊದಲು ಗೋಡೆ ಬಿರುಕು ಹುಡುಕಿದೆ, ಪೆದ್ದ! ಟ್ರ್ಯಾಕಿಗೆ ಬೆರಳಿಟ್ಟಿದ್ರೆ ಸಾಕಿತ್ತು. "ಏನ್ರೀ, ಮನಿ ಕಟ್ಟೀರೋ ಅಕ್ವೇರಿಯಂ ಕಟ್ಟೀರೋ?" ಅಂದ್ರು ಸಾಹೇಬ್ರು.

ಸೆಕೆಗಂತೂ ಕಿಟಕಿ ಉದ್ದ ಇದ್ರೆ ಸಾಲದು, ಬಂದ ಗಾಳಿಗೆ ಆಚೆ ಹೋಗೋ ದಾರಿ ಬೇಕು. ಪ್ಲಾನಲ್ಲಿ ಹಾಲ್‌ನಿಂದ ಪೂರ್ವದ ರೂಮಿನವರೆಗೂ ಗಾಳಿ ಹರಿಯುತ್ತೆ ಅಂತ ಬಾಣ ಗುರುತು ಹಾಕಿದ್ದೆ, ಆಮೇಲೆ ಎಸಿಗೋಸ್ಕರ ಆ ರೂಮಿನ ಗೋಡೆನ ಸೀಲಿಂಗ್‌ವರೆಗೂ ಮುಚ್ಚಿಸಿದ್ರು, ನಾನೂ ಹೂಂ ಅಂದೆ. ಸ್ಲೈಡಿಂಗ್ ಬೇರೆ ಅರ್ಧವೇ ತೆಗೆಯೋದು.

ಮುಂಬೈನ ಕಾಂಚನಜಂಗಾ ಬಿಲ್ಡಿಂಗಲ್ಲಿ (1983) ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಇದೇ ಗಂಟು ಬಿಡಿಸಿದ್ರು, ಸಮುದ್ರದ ನೋಟ, ಗಾಳಿ ಎರಡೂ ಪಶ್ಚಿಮಕ್ಕೆ, ಬಿಸಿಲು ಮಳೆನೂ ಅಲ್ಲಿಂದಲೇ, ಅದಕ್ಕೆ ಮನೆ ಹೊರಗೋಡೆ ಹಿಂದಕ್ಕೆ ಸರಿಸಿ ಮುಂದೆ ಆಳವಾದ ವೆರಾಂಡಾ. ಹಳೇ ಬಂಗಲೆಯವರಿಗೆ ಗೊತ್ತಿದ್ದ ಉಪಾಯವೇ ಅದು.

ನಾವೂ ಕಿಟಕಿ ಮುಂದೆ 5 ಅಡಿ ವೆರಾಂಡಾ ಇಳಿಸಿದ್ವಿ, ಸ್ಟೀಲ್ ಫ್ರೇಮ್, ಮಂಗಳೂರು ಹೆಂಚು, ಹೊರ ಅಂಚು ಹಾಲ್ ನೆಲದಿಂದ ಆರೂವರೆ ಅಡಿಗೆ ತಗ್ಗಿಸಿ. ಈಗ ಅದೇ ಹೊತ್ತಿನ ಬಿಸಿಲು ಕಿಟಕಿಯ ಕೆಳಗಿನ ಒಂದಡಿ ಚಿಲ್ರೆಗೆ ಮಾತ್ರ ಬೀಳುತ್ತೆ, ಅಲ್ಲಿಗೆ ಬಿದಿರಿನ ಚಿಕ್ ಪರದೆ. ಸ್ಲೈಡಿಂಗ್ ಕಿತ್ತು ಪೂರ್ತಿ ತೆರೆಯೋ ಕಿಟಕಿ ಬಾಗಿಲು ಹಾಕಿ, ಕಿಟಕಿ ಕಟ್ಟೆನ ಹೊರಗಿಳಿಜಾರು ಮಾಡಿದ್ವಿ. ರೂಮಿನ ಗೋಡೆ ಮೇಲ್ಗಡೆ ಮುಚ್ಚಿ ತೆರೆಯೋ ಮರದ ಪಟ್ಟಿಗಳ ಲೂವರ್ ಕೂರಿಸಿದ್ವಿ, ಎಸಿ ಹಾಕಿದಾಗ ಮುಚ್ತಾರೆ. ಸಂಜೆ ಸಮುದ್ರ ಸ್ವಲ್ಪ ಕಮ್ಮಿ ಕಾಣುತ್ತೆ ಅಂತ ಸಾಹೇಬ್ರ ಗೊಣಗು ಇನ್ನೂ ಇದೆ, ಆದ್ರೆ ಚಹಾ ಕುಡಿಯೋದು ಅದೇ ವೆರಾಂಡಾದಲ್ಲಿ.