ಕಟ್ ಮಾಡೋ ಸೈಟ್ ಬಿಟ್ಟೆ, ಫೋಟೋ ಅಂಗಡಿಯಲ್ಲೇ ಉಳಿಯಿತು

ಫೋಟೋದ ಬ್ಯಾಕ್‌ಗ್ರೌಂಡನ್ನು ಸೈಟ್‌ಗೆ ಕಳಿಸದೆ ಅಂಗಡಿಯ ಕಂಪ್ಯೂಟರಲ್ಲೇ ತೆಗೆಯುತ್ತೇನೆ ಅಂದಾಗ, ಸ್ಟುಡಿಯೋ ನಡೆಸುವ ಗೆಳೆಯರು ಇದು ಆಗಲ್ಲ ಅಂತ ಹೇಳುತ್ತಲೇ ಇದ್ದರು. "ಸೈಟ್‌ಗೆ ಹಾಕಿದರೆ ಐದು ಸೆಕೆಂಡಲ್ಲಿ ಬ್ಯಾಕ್‌ಗ್ರೌಂಡ್ ಹೋಗುತ್ತೆ, ನಿನಗ್ಯಾಕಪ್ಪಾ ಈ ತಲೆನೋವು?" ಈಗ ಅವರಲ್ಲೇ ಇಬ್ಬರು ನನ್ನ ಕಂಪ್ಯೂಟರ್ ಮುಂದೆ ಕೂತು ಕಲಿತು ಹೋಗಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಒಬ್ಬ ತಾಯಿ ಕೇಳಿದ ಪ್ರಶ್ನೆಯಿಂದ. ಮಗಳ ಮದುವೆ ಬಯೋಡೇಟಾಗೆ ಫೋಟೋ ಮಾಡಿಸಲು ಬಂದಿದ್ದರು. ನಾನು ಅಪ್‌ಲೋಡ್ ಮಾಡುವುದನ್ನು ನೋಡಿ, "ಅಣ್ಣಾ, ಇದು ಎಲ್ಲಿಗೆ ಹೋಗುತ್ತೆ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಸೈಟಿನಲ್ಲಿ "ಸ್ವಲ್ಪ ಹೊತ್ತಿಗೆ ಅಳಿಸುತ್ತೇವೆ" ಅಂತ ಬರೆದಿರುತ್ತೆ, ಅಳಿಸಿದರೋ ಇಲ್ಲವೋ ನಾವು ನೋಡೋದು ಹೇಗೆ?

ಇನ್ನೊಂದು ವಿಷಯ. ಕ್ವಾಲಿಟಿ ಹೋಗಬಾರದು ಅಂತ ವಾಟ್ಸಾಪ್‌ನಲ್ಲಿ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ನಾವೇ ಹೇಳುತ್ತೇವೆ ಅಲ್ವಾ? ಹಾಗೆ ಬಂದ ಫೈಲಿನಲ್ಲಿ ಎಕ್ಸಿಫ್, ಅಂದರೆ ಕ್ಯಾಮೆರಾ ಫೋಟೋದೊಳಗೆ ಬರೆದಿಡುವ ಮಾಹಿತಿ, ಹಾಗೇ ಇರುತ್ತೆ. ಫೋನಿನ ಕ್ಯಾಮೆರಾದಲ್ಲಿ ಲೊಕೇಶನ್ ಆನ್ ಇದ್ದರೆ ಆ ಮನೆ ಎಲ್ಲಿದೆ ಅನ್ನೋದೂ ಅದರೊಳಗಿರುತ್ತೆ. ಮಗಳ ಮುಖ, ಮನೆ ಜಾಗ, ಎರಡೂ ಒಟ್ಟಿಗೆ ಹೋಗುತ್ತಿದ್ದವು. ಜಾಗದ ಮಾಹಿತಿಯನ್ನು exiftool ಅನ್ನೋ ಪ್ರೋಗ್ರಾಂನಲ್ಲಿ ಒಂದೇ ಸಾಲಲ್ಲಿ ತೆಗೆಯಬಹುದು:

```
exiftool -gps:all= foto.jpg
```

ಆದರೆ ಮುಖ ಹೋಗೋದು ಹೋಗೇ ಹೋಗುತ್ತೆ.

ಇಷ್ಟೆಲ್ಲಾ ಕೊಟ್ಟು ವಾಪಸ್ ಸಿಗೋದೇನು? ನಾನು ಬಳಸುತ್ತಿದ್ದ ಸೈಟು ಫ್ರೀಯಾಗಿ ಕೊಡುತ್ತಿದ್ದದ್ದು ಕಾಲು ಮೆಗಾಪಿಕ್ಸೆಲ್. ಹನ್ನೆರಡು ಮೆಗಾಪಿಕ್ಸೆಲ್ ಫೋಟೋ ಕಳಿಸಿದರೆ ಸುಮಾರು 433 x 577 ಬರುತ್ತಿತ್ತು. ಪಾಸ್‌ಪೋರ್ಟ್ ಸೈಜ್‌ಗೆ 300 ಡಿಪಿಐನಲ್ಲಿ 413 x 531 ಸಾಕು, ಹಾಗಾಗಿ ಮೊದಲೇ ಕ್ರಾಪ್ ಮಾಡಿ ಕಳಿಸಿದರೆ ಪ್ರಿಂಟ್ ಚೆನ್ನಾಗೇ ಬರುತ್ತೆ. ಬಯೋಡೇಟಾದ 4 x 6ಕ್ಕೆ ಹಾಕಿ ನೋಡಿ, ಇಂಚಿಗೆ ನೂರು ಪಿಕ್ಸೆಲ್ಲೂ ಉಳಿಯಲ್ಲ. ರೆಪ್ಪೆ ಕೂದಲು ಕರಗಿ ಹೋಗಿರುತ್ತೆ. ಆ ತಿಂಗಳು ಹಾಳಾದ ಪೇಪರಿಗೇ ಐದಾರು ನೂರು ರೂಪಾಯಿ ಹೋಯಿತು. ಪೂರ್ತಿ ಸೈಜ್ ಬೇಕಿದ್ದರೆ ದುಡ್ಡು ಕಟ್ಟಬೇಕು, ಫೋಟೋ ಮಾತ್ರ ಆಗಲೂ ಅಲ್ಲಿಗೇ ಹೋಗುತ್ತೆ.

ಬ್ರೌಸರ್ ಒಳಗೇ ಕೆಲಸ ಮಾಡುವ ಸೈಟ್‌ಗಳೂ ಇವೆ. ನಿಜವಾಗಿ ಒಳಗೇ ಮಾಡುತ್ತವಾ ಅಂತ ಪರೀಕ್ಷಿಸಲು ಮೊದಲು ಹೂಕುಂಡದ ಫೋಟೋ ಹಾಕಿ, ಕಟ್ ಮಾಡುವ ಮಾಡೆಲ್ ಫೈಲ್ ಬ್ರೌಸರ್‌ಗೆ ಇಳಿಯಲಿ. ಆಮೇಲೆ ನೆಟ್ ಆಫ್ ಮಾಡಿ ಇನ್ನೊಂದು ಹಾಕಿ. ಕೆಲಸ ನಿಂತರೆ ಫೋಟೋ ಹೊರಗೆ ಹೋಗುತ್ತಿರಬಹುದು ಅಂತ ಅರ್ಥ. ನಡೆದರೂ ಪೂರ್ತಿ ನಂಬಬೇಡಿ. ನೆಟ್ ಮತ್ತೆ ಹಾಕಿ, F12 ಒತ್ತಿ, Network ನೋಡಿ. ಫೋಟೋದಷ್ಟೇ ದೊಡ್ಡ POST, ಅಂದರೆ ಹೊರಗೆ ಕಳಿಸಿದ ಡೇಟಾ, ಕಂಡರೆ ಆ ಸೈಟ್ ಬಿಡಿ. ನಾನು ನೋಡಿದ್ದರಲ್ಲಿ ಒಂದೆರಡು ಪಾಸಾದವು, ಅಂಚು ಮಾತ್ರ ಒರಟು.

ಕೊನೆಗೆ ಹಿಡಿದದ್ದು rembg, ನಮ್ಮ ಕಂಪ್ಯೂಟರಲ್ಲೇ ಬ್ಯಾಕ್‌ಗ್ರೌಂಡ್ ತೆಗೆಯುವ ಪ್ರೋಗ್ರಾಂ. ಮೊದಲು ಅದರ u2net_human_seg ಮಾಡೆಲ್ ಹಾಕಿದೆ. ಅದು ಫೋಟೋವನ್ನು 320 x 320ಕ್ಕೆ ಇಳಿಸಿ ನೋಡುತ್ತೆ, ಆಮೇಲೆ ಮಾಸ್ಕನ್ನು, ಅಂದರೆ ಉಳಿಯೋ ಜಾಗ ಬಿಳಿ, ಹೋಗೋ ಜಾಗ ಕಪ್ಪು ಇರುವ ಚಿತ್ರವನ್ನು, ಎಳೆದು ದೊಡ್ಡದು ಮಾಡುತ್ತೆ. ಜಡೆಯಲ್ಲಿದ್ದ ಮಲ್ಲಿಗೆ ಅರ್ಧ ಮಾಯ. ಜುಮುಕಿ ಮತ್ತು ಕುತ್ತಿಗೆ ಮಧ್ಯದ ಸಂದಿಯಲ್ಲಿ ಹಿಂದಿನ ಹಸಿರು ಗೋಡೆ ಹಾಗೇ ಉಳಿದಿತ್ತು. ಗೆಳೆಯರು ಇದನ್ನೇ ತೋರಿಸಿ "ನಾವು ಹೇಳಿದ್ದೆವಲ್ಲ" ಅಂದಿದ್ದು. ಇನ್ನೊಂದು ಮಾಡೆಲ್ birefnet-portrait ಹಾಕಿದರೆ ಎಂಟು ಜಿಬಿ ರ‍್ಯಾಮಿನ ನನ್ನ ಕಂಪ್ಯೂಟರ್ ಸ್ತಬ್ಧ. ಸೆಕೆಂಡ್ ಹ್ಯಾಂಡ್ ರ‍್ಯಾಮ್ ಸುಮಾರು ಒಂದೂವರೆ ಸಾವಿರಕ್ಕೆ ತಂದು ಹಾಕಿದೆ. ಈಗ ಒಂದು ಫೋಟೋಗೆ ಅರ್ಧ ನಿಮಿಷ, ಕೆಲವೊಮ್ಮೆ ಜಾಸ್ತಿ.

ಕೆಲಸ ಕೈಹಿಡಿದಿದ್ದು ಕಟ್ ಆದ ಫೋಟೋ ಕೇಳುವುದನ್ನು ಬಿಟ್ಟು, ಬರೀ ಮಾಸ್ಕ್ ಕೇಳಿದಾಗ:

```
rembg i -m birefnet-portrait -om foto.jpg mask.png
```

ಮೂಲ ಫೋಟೋವನ್ನು ಫೋಟೋ ಎಡಿಟ್ ಮಾಡುವ ಗಿಂಪ್‌ನಲ್ಲಿ ತೆರೆದು ಇದನ್ನು ಲೇಯರ್ ಮಾಸ್ಕ್ ಆಗಿ ಹಾಕುತ್ತೇನೆ. ಮುಖದ ಒಂದು ಪಿಕ್ಸೆಲ್ಲೂ ಕಳೆಯಲ್ಲ. ಹೂವು ತಪ್ಪಿದ್ದರೆ ಬಿಳಿ ಬ್ರಷ್ ಆಡಿಸಿದರೆ ವಾಪಸ್ ಬರುತ್ತೆ, ಜುಮುಕಿ ಸಂದಿಗೆ ಕಪ್ಪು. ಸೈಟಿನಿಂದ ಬಂದ ಪಿಎನ್‌ಜಿಯಲ್ಲಿ ಈ ಅವಕಾಶವೇ ಇರುತ್ತಿರಲಿಲ್ಲ. ಕೂದಲಿನ ಅಂಚಿಗೆ ಗೋಡೆಯ ಹಸಿರು ಹತ್ತಿರುತ್ತೆ. ಅದನ್ನು ತೆಗೆಯುವ ನನ್ನ ದಾರಿ ಬೇರೆ ಇದೆ, ಅಂಗಡಿಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯಲ್ಲ.

ಬಿಳಿ ಗೋಡೆ ಮುಂದೆ ಬಿಳಿ ಪಂಚೆ, ತೆಳು ಸೀರೆಯ ಸೆರಗು, ಇವೆರಡಕ್ಕೆ ಇನ್ನೂ ಕೈಯಲ್ಲೇ ಪೆನ್ ಟೂಲ್ ಹಿಡಿಯಬೇಕು. ಇಪ್ಪತ್ತು ನಿಮಿಷ ಬೇಕು, ಅದಕ್ಕೆ ಐವತ್ತು ರೂಪಾಯಿ ಜಾಸ್ತಿ ಕೇಳುತ್ತೇನೆ. ಫೋಟೋ ಅಂಗಡಿ ದಾಟಿ ಹೋಗಲ್ಲ ಅಂತ ಮೊದಲೇ ಹೇಳಿದರೆ ಯಾರೂ ಚೌಕಾಸಿ ಮಾಡಿಲ್ಲ.